ಪ್ರಕಟಣೆಯ ಕೃಪೆಗಾಗಿ

ಕನ್ನಡ ಪತ್ರಿಕಾ ಕಚೇರಿಗಳಿಗೆ ದಿನವೂ ಬಂದು ಬೀಳುವ ಒಂದು ಬಗೆಯ ಬರಹದ ನೆತ್ತಿಯ ಮೇಲೆ ‘ಪ್ರಕಟಣೆಯ ಕೃಪೆಗಾಗಿ’ ಎಂದು ಇರುತ್ತದೆ. ಕೃಪೆ ಎಂಬ ಪದ ಅಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಜಾಹೀರಾತಿಗೆ ದುಡ್ಡು ಕೊಟ್ಟವರು ಹೀಗೆ ಕೇಳಬೇಕಾಗಿಲ್ಲ. ದುಡ್ಡು ಕೊಡದೆ ಜಾಗ ಕೇಳುವವರು ಮಾತ್ರ ಕೃಪೆ ಬೇಡುತ್ತಾರೆ. ಕೆಲವು ವರ್ಷ ನಾನು ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇಂಥ ಪ್ರಕಟಣೆಗಳನ್ನು ಕತ್ತರಿಸುತ್ತಿದ್ದೆ. ಈಗ ಸಣ್ಣ ಕಂಪನಿಗಳಿಗೆ ಅವನ್ನೇ ಬರೆದುಕೊಡುತ್ತೇನೆ. ಸಾಹಿತ್ಯದ ಪಟ್ಟಿಯಲ್ಲಿ ಈ ಪ್ರಕಾರಕ್ಕೆ ಜಾಗವಿಲ್ಲ. ಆದರೆ ಯಾವ ವಾಕ್ಯಕ್ಕೆ ಯಾರು ಹೊಣೆ ಎಂದು ಇಷ್ಟು ನಿಷ್ಠುರವಾಗಿ ಕೇಳುವ ಇನ್ನೊಂದು ಬರವಣಿಗೆಯನ್ನು ನಾನು ಕಂಡಿಲ್ಲ.

ಇದರ ಹುಟ್ಟಿನ ಕಥೆ ಹೇಳುವವರು ಸಾಮಾನ್ಯವಾಗಿ 1906ರ ಅಕ್ಟೋಬರಿಗೆ ಹೋಗುತ್ತಾರೆ. ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಸುದ್ದಿ ಮುಚ್ಚಿಡುವುದೇ ರೂಢಿಯಾಗಿದ್ದ ಕಾಲ. ಕಂಪನಿಗೆ ಕೆಲಸ ಮಾಡುತ್ತಿದ್ದ ಐವಿ ಲೀ ಎಂಬಾತ ಅಪಘಾತದ ವಿವರಗಳನ್ನು ತಾನೇ ಬರೆದು ಪತ್ರಿಕೆಗಳಿಗೆ ಕೊಟ್ಟ. ನ್ಯೂಯಾರ್ಕ್ ಟೈಮ್ಸ್ ಅದನ್ನು ಹಾಗೆಯೇ ಅಚ್ಚು ಹಾಕಿತು. ಪತ್ರಿಕೆಯವರು ನಂಬುವಂತೆ ಬರೆದರೆ ಅವರು ಅದನ್ನು ಮುಟ್ಟದೆ ಹಾಕಬಹುದು ಎಂಬ ಆಸೆ ಅಂದಿನಿಂದ ಇಂದಿನವರೆಗೆ ಉಳಿದುಕೊಂಡಿದೆ.

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಹುಬ್ಬಳ್ಳಿಯ ನಾಲ್ಕು ಜನರ ಒಂದು ಸ್ಟಾರ್ಟಪ್ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ತೇವಾಂಶ ಮಾಪಕ ಮಾಡಿತ್ತು. ಒಂದು ಹಿಡಿ ಮೆಕ್ಕೆಜೋಳ ಹಾಕಿ ಗುಂಡಿ ಒತ್ತಿದರೆ ಕಾಳಿನಲ್ಲಿ ನೂರಕ್ಕೆ ಎಷ್ಟು ಪಾಲು ನೀರಿದೆ ಎಂದು ತೋರಿಸುತ್ತದೆ. ಇಂಥ ಯಂತ್ರ ಹೊಸದೇನಲ್ಲ, ಖರೀದಿ ಮಾಡುವವರ ಬಳಿ ಇದ್ದೇ ಇರುತ್ತದೆ. ಇವರದು ಮಾರುವವನಿಗಾಗಿ ಮಾಡಿದ್ದು. ಅವರು ನನಗೆ ಕಳಿಸಿದ ಕರಡಿನ ತಲೆಬರಹ ಹೀಗಿತ್ತು: ‘ವಿಶ್ವ ಆಹಾರ ದಿನದಂದು ಭಾರತದ ಮೊದಲ ಕ್ರಾಂತಿಕಾರಿ ತೇವಾಂಶ ಮಾಪಕ ಲೋಕಾರ್ಪಣೆ.’

ಡೆಸ್ಕಿನವರು ಮೊದಲು ಕೇಳುವುದು ‘ಇವತ್ತೇ ಯಾಕೆ?’ ಎಂದು. ಅದಕ್ಕೆ ಉತ್ತರ ಕೊಡುವ ವಾಕ್ಯವೇ ಸುದ್ದಿಯ ಕೊಕ್ಕೆ. ಕಂಪನಿಗೆ ತನ್ನ ವಸ್ತು ತಯಾರಾಗಿರುವುದೇ ಸುದ್ದಿ, ಓದುಗನಿಗೆ ಅದು ಸುದ್ದಿಯಲ್ಲ. ಹಾಗಾಗಿ ಲೋಕದಲ್ಲಿ ಈಗಾಗಲೇ ನಡೆಯುತ್ತಿರುವ ಯಾವುದಾದರೂ ಒಂದಕ್ಕೆ ಅದನ್ನು ತಗುಲಿಸಬೇಕು. ಅವರು ಹಿಡಿದ ಅಕ್ಟೋಬರ್ 16ರ ವಿಶ್ವ ಆಹಾರ ದಿನ ದುರ್ಬಲ ಕೊಕ್ಕೆ. ಅದೇ ದಿನ ಅದೇ ಹೆಸರು ಹೇಳಿಕೊಂಡು ಹೋಟೆಲಿನವರು, ಎಣ್ಣೆ ಕಂಪನಿಯವರು, ಕಾಲೇಜಿನವರು ಎಲ್ಲರೂ ಪ್ರಕಟಣೆ ಕಳಿಸುತ್ತಾರೆ, ಮರುದಿನ ಅದು ಹಳಸಿರುತ್ತದೆ. ನಿಜವಾದ ಕೊಕ್ಕೆ ಹೊಲದಲ್ಲೇ ಇತ್ತು. ಮುಂಗಾರಿನಲ್ಲಿ ಬಿತ್ತಿದ ಮೆಕ್ಕೆಜೋಳ ಅಕ್ಟೋಬರ್-ನವೆಂಬರ್ ಹೊತ್ತಿಗೆ ಕಟಾವಿಗೆ ಬರುತ್ತದೆ. ಆಗಲೇ ಹಿಂಗಾರು ಮಳೆಯೂ ಬರುತ್ತದೆ. ರಸ್ತೆ ಬದಿಯಲ್ಲಿ ಒಣಹಾಕಿದ ಕಾಳಿನ ಮೇಲೆ ತಾಡಪಾಲು ಹೊದಿಸಿ ಮೋಡ ನೋಡುತ್ತ ಕೂತ ರೈತನಿಗೆ ಆ ವಾರ ತೇವಾಂಶಕ್ಕಿಂತ ದೊಡ್ಡ ಸುದ್ದಿಯಿಲ್ಲ. ಬೆಂಬಲ ಬೆಲೆಯ ಖರೀದಿಗೆ ಮೆಕ್ಕೆಜೋಳದ ತೇವಾಂಶದ ಮಿತಿ ಶೇ 14. ಈ ಕೊಕ್ಕೆ ಒಂದು ದಿನಕ್ಕೆ ಮುಗಿಯದೆ ತಿಂಗಳುಗಟ್ಟಲೆ ಬಾಳುತ್ತದೆ.

‘ಭಾರತದ ಮೊದಲ’ ಎಂಬುದನ್ನು ತೆಗೆಯಲು ಹೆಚ್ಚು ವಾದ ಬೇಕಾಗಲಿಲ್ಲ. ಇಂಥದೇ ಇನ್ನೊಂದು ಯಂತ್ರವನ್ನು ಯಾರಾದರೂ ತೋರಿಸಿದರೆ ಸಾಕು, ಪ್ರಕಟಣೆಯ ಉಳಿದ ನಿಜಗಳೂ ಸುಳ್ಳಿನ ಲೆಕ್ಕಕ್ಕೆ ಹೋಗುತ್ತವೆ. ಹೆಚ್ಚು ಹೊತ್ತು ಹಿಡಿದದ್ದು ‘ಶೇ 99 ನಿಖರ’ ಎಂಬ ಮಾತು. ಯಾವುದರ ಶೇ 99? ಯಂತ್ರ ಒಂದು ಅಂಶ ಹೆಚ್ಚು ತೋರಿಸಿತು ಎನ್ನೋಣ. ನಿಜಕ್ಕೂ ಶೇ 14 ಇರುವ ಕಾಳನ್ನು ಶೇ 15 ಎಂದಿತು. ಹೆಚ್ಚುವರಿ ನೀರಿನ ತೂಕ ಕಳೆಯುವ ಲೆಕ್ಕದಲ್ಲಿ ಕ್ವಿಂಟಲಿಗೆ ಸುಮಾರು 1.16 ಕೆ.ಜಿ. ಹೋಗುತ್ತದೆ. 50 ಕ್ವಿಂಟಲ್ ತಂದವನಿಗೆ 58 ಕೆ.ಜಿ., ಅಂದರೆ ಅರ್ಧ ಕ್ವಿಂಟಲಿಗಿಂತ ಹೆಚ್ಚು. ಕೇಳುವುದಕ್ಕೆ ‘ಒಂದು ಪರ್ಸೆಂಟ್’, ಹೊರುವುದಕ್ಕೆ ಒಂದು ಚೀಲ. ಈ ಸುದ್ದಿ ನಂಬಿ ಒಬ್ಬ ಯಂತ್ರ ಕೊಂಡರೆ ಆ ಚೀಲದ ಜವಾಬ್ದಾರಿ ಈ ವಾಕ್ಯದ ಮೇಲಿರುತ್ತದೆ.

ಹಾಗಾದರೆ ಅವರು ಪರೀಕ್ಷೆ ಮಾಡಿದ್ದು ಹೇಗೆ ಎಂದು ಕೇಳಿದೆ. ಕಾಳನ್ನು ತೂಗಿ, ಪ್ರಯೋಗಾಲಯದ ಒಲೆಯಲ್ಲಿ ನೀರೆಲ್ಲ ಹೋಗುವ ತನಕ ಒಣಗಿಸಿ, ಮತ್ತೆ ತೂಗಿ, ಆ ವ್ಯತ್ಯಾಸವನ್ನು ತಮ್ಮ ಯಂತ್ರದ ಅಂಕಿಯ ಪಕ್ಕ ಇಟ್ಟಿದ್ದರು. 60 ಮಾದರಿಗಳಲ್ಲಿ 54ರಲ್ಲಿ ಎರಡರ ನಡುವಿನ ಅಂತರ ಅರ್ಧ ಅಂಶದೊಳಗಿತ್ತು. ಉಳಿದ ಆರೂ ಮಳೆಯಲ್ಲಿ ನೆನೆದು ತುಂಬ ಹಸಿಯಾಗಿದ್ದ ಕಾಳು. ‘ಇದನ್ನೇ ಬರೆಯೋಣ’ ಎಂದೆ. ‘ಸರ್, ಆರು ತಪ್ಪಿದ್ದು ಯಾಕೆ ಹೇಳ್ಬೇಕು?’ ಎಂದಳು ಕಂಪನಿ ಕಟ್ಟಿದ ಹುಡುಗಿ. ಯಂತ್ರ ಯಾವಾಗ ತಪ್ಪುತ್ತದೆ ಎಂದು ನೀವು ಹೇಳದಿದ್ದರೆ ಮೊದಲ ಮಳೆಗೆ ಕೊಂಡವನೇ ಹೇಳುತ್ತಾನೆ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಪ್ಪಿದಳು.

ಇನ್ನು ಉದ್ಧರಣೆ. ಪ್ರಕಟಣೆಯಲ್ಲಿ ಮನುಷ್ಯ ದನಿ ಕೇಳಿಸುವುದು ಇಲ್ಲಿ ಮಾತ್ರ. ಉಳಿದ ವಾಕ್ಯಗಳನ್ನು ಉಪಸಂಪಾದಕ ತನ್ನ ಮಾತಿಗೆ ತಿರುಗಿಸಿಕೊಳ್ಳಬಹುದು. ಉದ್ಧರಣೆಯನ್ನು ಅವನು ಇಡಬಹುದು, ಇಲ್ಲವೇ ತೆಗೆಯಬಹುದು, ತಿದ್ದುವಂತಿಲ್ಲ. ಹೀಗಿದ್ದೂ ಹೆಚ್ಚಿನ ಉದ್ಧರಣೆಗಳನ್ನು ಯಾರೂ ಆಡಿರುವುದಿಲ್ಲ. ನನ್ನಂಥವರು ಬರೆದದ್ದಕ್ಕೆ ಕಂಪನಿಯವರು ಹೂಂಗುಟ್ಟಿರುತ್ತಾರೆ, ಅಷ್ಟೆ. ಕರಡಿನಲ್ಲಿದ್ದದ್ದೂ ಅಂಥದೇ: ‘ಈ ಉತ್ಪನ್ನವನ್ನು ಬಿಡುಗಡೆ ಮಾಡಲು ನಮಗೆ ಅತೀವ ಹರ್ಷವಾಗುತ್ತಿದೆ.’ ಈ ಸಾಲನ್ನು ಸೋಪಿನ ಕಂಪನಿಗೂ ಕೊಡಬಹುದು, ಸಿಮೆಂಟಿನ ಕಂಪನಿಗೂ ಕೊಡಬಹುದು.

ಫೋನು ಮಾಡಿ, ಇದನ್ನು ಮಾಡಬೇಕು ಅಂತ ನಿಮಗೆ ಅನಿಸಿದ್ದು ಯಾವಾಗ ಎಂದು ಕೇಳಿದೆ. ಅವಳು ರಾಣೆಬೆನ್ನೂರಿನ ಕಡೆಯವಳು. ‘ನಮ್ಮಪ್ಪ ಗೋವಿನಜೋಳದ ಕಾಳು ಕಚ್ಚಿ ನೋಡಿ ಒಣಗೈತಿ ಅಂತಿದ್ರು. ಮಂಡಿಯಾಗ ಮಷೀನು ಇಲ್ಲ ಅಂತಿತ್ತು. ಯಾರ ಮಾತು ಖರೆ ಅಂತ ಕೇಳಾಕ ನಮ್ಮ ಹತ್ರ ಇನ್ನೊಂದು ಮಷೀನು ಇರ್ಲಿಲ್ಲ’ ಎಂದಳು. ನಾನು ಬರೆದುಕೊಂಡು ಅವಳಿಗೇ ಓದಿ ಹೇಳಿದೆ. ‘ಹಿಂಗಾ ಹಾಕ್ತೀರೇನು? ಸ್ವಲ್ಪ ಚಲೋ ಮಾಡಿ ಹಾಕ್ರಿ ಸರ್’ ಎಂದಳು. ಚಲೋ ಮಾಡುವುದೆಂದರೆ ‘ರೈತರಿಗೆ ಪರ್ಯಾಯ ಮಾಪನ ವ್ಯವಸ್ಥೆಯ ಅಲಭ್ಯತೆ’ ಎಂದು ಬರೆಯುವುದು. ಹಾಗೆ ಬರೆದರೆ ಅಪ್ಪನೂ ಹೋಗುತ್ತಾನೆ, ಕಾಳು ಕಚ್ಚಿದ ಹಲ್ಲೂ ಹೋಗುತ್ತದೆ. ಜೊತೆಗೆ ಒಂದು ಸೂಕ್ಷ್ಮವೂ ಇತ್ತು. ಮಂಡಿಯವರು ಮೋಸ ಮಾಡಿದರು ಎಂದು ಅವಳು ಹೇಳಿರಲಿಲ್ಲ. ಎರಡು ಮಾತಿದ್ದವು, ಮೂರನೆಯದು ಇರಲಿಲ್ಲ ಎಂದಿದ್ದಳು. ಆ ಅಳತೆಯನ್ನು ಮೀರಿ ಒಂದು ಪದ ಸೇರಿಸಿದರೂ ಅದು ಆರೋಪವಾಗುತ್ತಿತ್ತು. ತಲೆಬರಹದಲ್ಲಿ ಎಲ್ಲ ಜಿಲ್ಲೆಗೂ ತಿಳಿಯುವ ಮೆಕ್ಕೆಜೋಳ, ಉದ್ಧರಣೆಯಲ್ಲಿ ಅವಳ ಗೋವಿನಜೋಳ ಎಂದು ತೀರ್ಮಾನಿಸಿದೆವು.

ಕೊನೆಯಲ್ಲಿ ಬರುವುದು ಕಂಪನಿಯ ಟಿಪ್ಪಣಿ. ಇಂಗ್ಲಿಷಿನಲ್ಲಿ ಇದನ್ನು ಬಾಯ್ಲರ್‌ಪ್ಲೇಟ್ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಸಣ್ಣ ಊರಿನ ಪತ್ರಿಕೆಗಳಿಗೆ ಸಿದ್ಧ ಬರಹಗಳನ್ನು ಲೋಹದ ಫಲಕದಲ್ಲೇ ಎರಕ ಹೊಯ್ದು ಕಳಿಸುತ್ತಿದ್ದರು. ಬಾಯ್ಲರಿನ ತಗಡನ್ನು ನೆನಪಿಸುವ ಆ ಫಲಕಗಳಿಗೆ ಅಚ್ಚುಮೊಳೆಯವರು ಇಟ್ಟ ಹೆಸರು ಅದು. ಎರಕದಲ್ಲಿದ್ದದ್ದನ್ನು ಬದಲಿಸಲು ಆಗುತ್ತಿರಲಿಲ್ಲ. ಟಿಪ್ಪಣಿಯೂ ಹಾಗೆಯೇ, ಒಮ್ಮೆ ಬರೆದರೆ ಮುಂದಿನ ಎಲ್ಲ ಪ್ರಕಟಣೆಗೂ ಅದೇ ಅಂಟಿಕೊಳ್ಳುತ್ತದೆ. ಕರಡಿನಲ್ಲಿ ‘ಕೃಷಿ ತಂತ್ರಜ್ಞಾನ ಕ್ಷೇತ್ರದ ಅಗ್ರಗಣ್ಯ ಸಂಸ್ಥೆ’ ಎಂದಿತ್ತು. ನಾಲ್ಕು ಜನರ ಅಗ್ರಗಣ್ಯ ಸಂಸ್ಥೆ! ಕಂಪನಿಯ ಹೆಸರು ಅಳಿಸಿ ಬೇರೆ ಹೆಸರು ಬರೆದರೂ ಟಿಪ್ಪಣಿ ಹೊಂದಿಕೊಂಡರೆ ಅದರಲ್ಲಿ ಏನೂ ಇಲ್ಲ ಎಂದೇ ಅರ್ಥ.

ಎರಡು ದಿನ ತಿದ್ದಿದ ಮೇಲೆ ಉಳಿದದ್ದು ಇಷ್ಟು:

‘ಮೆಕ್ಕೆಜೋಳದ ತೇವಾಂಶ ಮನೆಯಲ್ಲೇ ನೋಡಲು ಕೈ ಮಾಪಕ

ಹುಬ್ಬಳ್ಳಿ, ಅ. 6: ಮೆಕ್ಕೆಜೋಳದ ಕಟಾವು ಆರಂಭವಾಗುತ್ತಿದ್ದು, ಮಾರುಕಟ್ಟೆಗೆ ಒಯ್ಯುವ ಮೊದಲೇ ರೈತರು ಕಾಳಿನ ತೇವಾಂಶ ತಿಳಿಯಲು ನಗರದ ಸ್ಟಾರ್ಟಪ್ ಒಂದು ಕೈ ಮಾಪಕ ಬಿಡುಗಡೆ ಮಾಡಿದೆ. ಬೆಲೆ 4,800 ರೂ.

ಒಣಗಿಸಿ ತೂಗುವ ಪ್ರಯೋಗಾಲಯದ ವಿಧಾನದೊಂದಿಗೆ ಹೋಲಿಸಿದಾಗ 60 ಮಾದರಿಗಳ ಪೈಕಿ 54ರಲ್ಲಿ ವ್ಯತ್ಯಾಸ ಅರ್ಧ ಅಂಶದೊಳಗಿತ್ತು. ಮಳೆಯಲ್ಲಿ ನೆನೆದ ಕಾಳಿಗೆ ಇದರ ಅಂಕಿ ನಂಬುವಂತಿಲ್ಲ. ಸದ್ಯ ಮೆಕ್ಕೆಜೋಳಕ್ಕೆ ಮಾತ್ರ ಬಳಸಬಹುದು. ಇದು ರೈತರ ಸ್ವಂತ ತಿಳಿವಳಿಕೆಗಾಗಿ, ವ್ಯಾಪಾರದಲ್ಲಿ ಬೆಲೆ ನಿಗದಿ ಮಾಡಲು ಅಲ್ಲ.’

ಇದರ ಕೆಳಗೆ ಅವಳ ಮಾತು, ಅದರ ಕೆಳಗೆ ಟಿಪ್ಪಣಿ: ಯಾವಾಗ ಶುರುವಾಯಿತು, ಎಷ್ಟು ಜನ, ಯಾರ ದುಡ್ಡು, ಯಾವ ನಂಬರಿಗೆ ಫೋನು ಮಾಡಬೇಕು.

ಈ ಅನುಕ್ರಮಕ್ಕೆ ಕಾರಣವಿದೆ. ಜಾಗ ಸಾಲದಾದಾಗ ಡೆಸ್ಕಿನಲ್ಲಿ ಕತ್ತರಿ ಬೀಳುವುದು ಕೆಳಗಿನಿಂದ. ಮೊದಲು ಟಿಪ್ಪಣಿ ಹೋಗುತ್ತದೆ, ಆಮೇಲೆ ಉದ್ಧರಣೆ. ಯಂತ್ರ ಏನನ್ನು ಮಾಡಲಾರದು ಎಂಬುದನ್ನು ಟಿಪ್ಪಣಿಯ ಮೂಲೆಯಲ್ಲಿ ಅಡಗಿಸಿಟ್ಟರೆ ಅದು ಅಚ್ಚಾಗುವುದೇ ಇಲ್ಲ, ಯಾರೂ ಬಚ್ಚಿಡದೆಯೇ ಬಚ್ಚಿಟ್ಟಂತಾಗುತ್ತದೆ. ಕನ್ನಡದಲ್ಲಿ ಕಳಿಸುವಾಗ ಇನ್ನೊಂದು ತೊಡಕೂ ಇದೆ. ಹಳೆಯ ನುಡಿ ಫಾಂಟಿನಲ್ಲಿ ಕಳಿಸಿದರೆ ಮಿಂಚಂಚೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಲೆಟರ್‌ಹೆಡ್ ಚೆಂದ ಕಾಣಲೆಂದು ಸ್ಕ್ಯಾನ್ ಮಾಡಿ ಕಳಿಸಿದರೆ ಡೆಸ್ಕಿನವರು ಅದನ್ನೆಲ್ಲ ಮತ್ತೆ ಟೈಪ್ ಮಾಡಬೇಕು, ರಾತ್ರಿ ಪುಟ ಕಟ್ಟುವ ಹೊತ್ತಿನಲ್ಲಿ ಯಾರೂ ಮಾಡುವುದಿಲ್ಲ. ಯುನಿಕೋಡಿನಲ್ಲಿ, ಮಿಂಚಂಚೆಯ ಒಡಲಲ್ಲೇ ಬರೆದು ಕಳಿಸಿದೆವು.

ಹಲವು ಪತ್ರಿಕೆಗಳು ಹಾಕಲಿಲ್ಲ. ಒಂದು ಪತ್ರಿಕೆ ಒಳಪುಟದಲ್ಲಿ ಹಾಕಿತು. ಅವಳ ಮಾತನ್ನೂ ಟಿಪ್ಪಣಿಯನ್ನೂ ಕತ್ತರಿಸಿತ್ತು, ಫೋನ್ ನಂಬರು ಮಾತ್ರ ಉಳಿಸಿಕೊಂಡು ಕೊನೆಗೆ ‘ಎಂದು ಪ್ರಕಟಣೆಯಲ್ಲಿ ತಿಳಿಸಲಾಗಿದೆ’ ಎಂದು ಸೇರಿಸಿತ್ತು. ಆ ಮೂರು ಪದಗಳು ಉಪಸಂಪಾದಕನ ರುಜು. ಇದು ಅವರು ಹೇಳಿದ್ದು, ನಾವು ಹೋಗಿ ನೋಡಿದ್ದಲ್ಲ ಎಂದು ಓದುಗನಿಗೆ ಅವನು ಹೇಳುವ ರೀತಿ. ಪತ್ರಿಕೆ ಓದುವಾಗ ಸುದ್ದಿಯ ಕೊನೆಯಲ್ಲಿ ಈ ಮಾತು ಕಂಡರೆ ಮತ್ತೆ ಮೇಲಿನಿಂದ ಓದಿ, ಪ್ರತಿ ವಾಕ್ಯಕ್ಕೂ ಹೇಳುವವರು ಯಾರು ಎಂದು ಕೇಳಿಕೊಳ್ಳಿ. ಕೆಲವು ವಾಕ್ಯಗಳಿಗೆ ವಾರಸುದಾರರೇ ಇರುವುದಿಲ್ಲ.

ಅವಳ ಮಾತು ಬೇರೊಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಹಾಗೆಯೇ ಬಂತು, ಗೋವಿನಜೋಳವೂ ಬದಲಾಗದೆ. ಅದನ್ನು ಓದಿ ಹಾನಗಲ್ ಕಡೆಯ ಒಬ್ಬ ರೈತರು ಫೋನು ಮಾಡಿದರಂತೆ. ‘ಬರೇ ಗೋವಿನಜೋಳಕ್ಕ ಅಂತ ಬರದೀರಿ. ನಮ್ಮದು ಭತ್ತ ಐತ್ರಿ, ಅದಕ್ಕ ಎಂದು ಮಾಡ್ತೀರಿ?’ ಎಂದು ಕೇಳಿದರಂತೆ. ‘ಇನ್ನೂ ಪರೀಕ್ಷೆ ಮಾಡಿಲ್ಲರಿ ಅಣ್ಣಾರ, ಮಾಡಿದ ಮ್ಯಾಲೆ ಹೇಳ್ತೀನಿ’ ಎಂದು ಅವರ ನಂಬರು ಬರೆದಿಟ್ಟುಕೊಂಡಿದ್ದಾಳೆ.