ಅಜ್ಜಿಯ ಕಾರ್ಡಿನಲ್ಲಿ ಎಷ್ಟು ಜಾಗ ಬಿಡಬೇಕು?

ನಮ್ಮಜ್ಜಿಗೆ ಈಗ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸಲ್ಲ. ‘ಹ್ಞಾಂ, ಹ್ಞಾಂ’ ಅಂತಾರೆ, ಆದರೆ ಏನೂ ತಲುಪಿಲ್ಲ ಅಂತ ನನಗೆ ಗೊತ್ತಾಗುತ್ತೆ. ಕನ್ನಡಕ ಹಾಕಿಕೊಂಡರೆ ಓದೋದು ಮಾತ್ರ ಚೆನ್ನಾಗೇ ಓದ್ತಾರೆ. ಹಾಗಾಗಿ ಈ ಸಲದ ಹುಟ್ಟುಹಬ್ಬಕ್ಕೆ ಹೇಳಬೇಕಾದ್ದೆಲ್ಲ ಕೈಯಲ್ಲೇ ಮಾಡಿದ ಕಾರ್ಡಿನಲ್ಲಿ ಹೇಳೋಣ ಅಂದುಕೊಂಡೆ.

ಎ4 ಅಳತೆಯ ದಪ್ಪ ಹಾಳೆಯನ್ನು ಒಂದು ಸಲ ಮಡಚಿದರೆ ಒಳಗಿನ ಬಲಪುಟ ಸುಮಾರು 15 ಸೆಂ.ಮೀ. ಅಗಲ, 21 ಸೆಂ.ಮೀ. ಎತ್ತರ ಇರುತ್ತೆ. ಮಡಿಕೆಯ ಕಡೆ 2 ಸೆಂ.ಮೀ. ಬಿಟ್ಟೆ. ಮಡಿಕೆಗೆ ಅಂಟಿಕೊಂಡ ಅಕ್ಷರ ಓದೋಕೆ ಕಾರ್ಡನ್ನು ಅಗಲಿಸಿ ಹಿಡಿಯಬೇಕಾಗುತ್ತೆ, ಅಜ್ಜಿ ಕೈಗೆ ಅದು ಕಷ್ಟ. ಬಲಕ್ಕೆ ಒಂದೂವರೆ ಸೆಂ.ಮೀ. ಸಾಕಾಯ್ತು.

ಕನ್ನಡದಲ್ಲಿ ನಿಜವಾದ ತೊಂದರೆ ಇರೋದು ಸಾಲುಗಳ ನಡುವೆ. ‘ಹುಟ್ಟುಹಬ್ಬ’ ಅನ್ನೋ ಒಂದೇ ಪದದಲ್ಲಿ ಎರಡು ಒತ್ತಕ್ಷರ ಕೆಳಗೆ ಇಳಿಯುತ್ತವೆ. ಕೆಳಗಿನ ಸಾಲಿನಲ್ಲಿ ಅದೇ ಜಾಗಕ್ಕೆ ಗುಡಿಸಿನ ಅಕ್ಷರ ಬಂದರೆ ಎರಡೂ ಡಿಕ್ಕಿ. ಅದಕ್ಕೇ ಅಕ್ಷರದ ಎತ್ತರಕ್ಕೆ ಎರಡರಷ್ಟು ಅಂತರ ಕೊಟ್ಟೆ: 7 ಮಿ.ಮೀ. ಅಕ್ಷರಕ್ಕೆ ಪೆನ್ಸಿಲಿನಲ್ಲಿ ಒಂದೂವರೆ ಸೆಂ.ಮೀ.ಗೊಂದು ಗೆರೆ. ಮೇಲೆ 4, ಕೆಳಗೆ 5 ಸೆಂ.ಮೀ. ಬಿಟ್ಟರೆ ಸಿಗೋದು ಎಂಟೇ ಸಾಲು. ಸಾಲಿಗೆ ಹನ್ನೆರಡು–ಹದಿನಾಲ್ಕು ಅಕ್ಷರ.

ಅಷ್ಟರಲ್ಲಿ ಏನು ಬರೆಯೋದು? ಮೊದಲು ಅದೇ ಅಳತೆಯ ರಫ್ ಹಾಳೆಯಲ್ಲಿ, ಅದೇ ಪೆನ್ನಿನಲ್ಲಿ ಬರೆದು ನೋಡಿದೆ. ‘ಆಯುರಾರೋಗ್ಯ ಐಶ್ವರ್ಯ ಕೊಟ್ಟು ದೇವರು ಕಾಪಾಡಲಿ’ ಅನ್ನೋದನ್ನು ತೆಗೆದೆ. ಅದು ಅಜ್ಜಿ ನನಗೆ ಹೇಳೋ ಮಾತು, ನಾನು ಅವರಿಗೆ ಹೇಳೋದು ನನ್ನ ಕಿವಿಗೇ ಸರಿ ಅನಿಸಲಿಲ್ಲ. ಉಳಿದದ್ದು ಇಷ್ಟು:

‘ಪ್ರೀತಿಯ ಅಜ್ಜಿ, ನಮಸ್ಕಾರ. ಹುಟ್ಟುಹಬ್ಬದ ಶುಭಾಶಯ. ನೀನು ಕೊಟ್ಟ ಮಿಡಿ ಉಪ್ಪಿನಕಾಯಿ ಇನ್ನೂ ಅರ್ಧ ಭರಣಿ ಇದೆ. ಅದು ಮುಗಿಯೋ ಮುಂಚೆ ಊರಿಗೆ ಬರ್ತೀನಿ.’

‘ಮುಗಿಯುವುದರೊಳಗೆ’ ಅಂತ ಬರೆದಿದ್ದರೆ ಆ ಒಂದು ಪದಕ್ಕೇ ಅರ್ಧ ಸಾಲಿಗಿಂತ ಹೆಚ್ಚು ಬೇಕು. ಸಾಲಿನ ಕೊನೆಯಲ್ಲಿ ಹಿಡಿಸದಿದ್ದರೆ ಪದ ಮುರಿಯಬೇಕು, ಇಲ್ಲಾ ಅಕ್ಷರ ಕುಗ್ಗಿಸಬೇಕು. ‘ಮುಗಿಯೋ ಮುಂಚೆ’ ಎರಡು ಪದ, ಎಲ್ಲಿ ಬೇಕಾದರೂ ಸಾಲು ಬದಲಿಸಬಹುದು. ನಾವು ಮಾತಾಡೋದೂ ಹಾಗೇ ಅಲ್ವಾ?

‘ಬರ್ತೀನಿ’ ಆದ ಮೇಲೆ ಒಂದು ಸಾಲು ಖಾಲಿ ಉಳಿಯಿತು. ‘ಆರೋಗ್ಯ ನೋಡ್ಕೋ, ಮಾತ್ರೆ ಮರೀಬೇಡ’ ಅಂತ ಸೇರಿಸೋಕೆ ಕೈ ತುರಿಸುತ್ತಿತ್ತು. ಸೇರಿಸಿದ್ದರೆ ಅಜ್ಜಿ ಕೊನೆಗೆ ಓದೋದು ಮಾತ್ರೆ ವಿಷಯ! ಬರ್ತೀನಿ ಅನ್ನೋದೇ ಕೊನೆಯ ಮಾತಾಗಿರಲಿ ಅಂತ ಬಿಟ್ಟೆ. ಆ ಖಾಲಿ ಸಾಲಿನ ಕೆಳಗೆ, ಬಲಕ್ಕೆ, ನನ್ನ ಮನೆ ಹೆಸರು ‘ಪುಟ್ಟಿ’. ತಾರೀಕನ್ನು ಕಾರ್ಡಿನ ಹಿಂಬದಿಗೆ ಕಳಿಸಿದೆ.

ಜೆಲ್ ಪೆನ್ ಶಾಯಿ ಪೂರ್ತಿ ಒಣಗಲಿ ಅಂತ ರಾತ್ರಿಯೆಲ್ಲ ತೆರೆದೇ ಇಟ್ಟು, ಬೆಳಿಗ್ಗೆ ಪೆನ್ಸಿಲ್ ಗೆರೆ ಅಳಿಸಿ ಪೋಸ್ಟಿಗೆ ಹಾಕಿದೆ.