ಎಂಬತ್ತೈದು ಅಕ್ಷರಗಳ ಮಿತಿಯಲ್ಲಿ ಸತ್ಯ

ವೈಜ್ಞಾನಿಕ ಪತ್ರಿಕೆಗಳಲ್ಲಿ ಇಂದು ಪ್ರಬಂಧಕ್ಕಿಂತ ಮೊದಲು ಓದುಗನ ಕಣ್ಣಿಗೆ ಬೀಳುವುದು ಅದರ ಮುಖ್ಯಾಂಶಗಳು ಮತ್ತು ಸಾರಚಿತ್ರ. ಎಲ್ಸೆವಿಯರ್ ಪ್ರಕಾಶನದ ನಿಯಮದಂತೆ ಮುಖ್ಯಾಂಶಗಳು ಮೂರಕ್ಕೆ ಕಡಿಮೆಯಾಗದೆ ಐದನ್ನು ಮೀರದೆ ಇರಬೇಕು. ಒಂದೊಂದೂ ನಡುವಿನ ತೆರಪುಗಳೂ ಸೇರಿ 85 ಅಕ್ಷರಗಳೊಳಗೆ ಮುಗಿಯಬೇಕು. ಕನ್ನಡದಲ್ಲಿ ಬರೆದರೆ ಗಣಕಯಂತ್ರವು ಒತ್ತು, ಗುಣಿತ ಚಿಹ್ನೆಗಳನ್ನೂ ಬೇರೆ ಬೇರೆಯಾಗಿ ಎಣಿಸುವುದರಿಂದ ಜಾಗ ಇನ್ನಷ್ಟು ಕಿರಿದಾಗುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ ಸುಳ್ಳು ಹೇಳದಿರುವುದಷ್ಟೇ ಸಾಲದು. ಬಿಟ್ಟುಹೋದ ಮಾತಿನಿಂದಲೂ ಓದುಗನು ಮೋಸಹೋಗಬಲ್ಲನು.

ಒಂದು ಪ್ರಸಿದ್ಧ ಸಂಶೋಧನೆಯನ್ನು ತೆಗೆದುಕೊಂಡು ಇದನ್ನು ಪರೀಕ್ಷಿಸಬಹುದು. ಆಸ್ಪಿರಿನ್ ಗುಳಿಗೆಯು ಹೃದಯಾಘಾತವನ್ನು ತಡೆಯುವುದೇ ಎಂದು ಅಮೆರಿಕದ 22,071 ಪುರುಷ ವೈದ್ಯರ ಮೇಲೆ ನಡೆದ ಅಧ್ಯಯನದ ಅಂತಿಮ ವರದಿ 1989ರಲ್ಲಿ ಪ್ರಕಟವಾಯಿತು. ಅವರೆಲ್ಲರೂ 40ರಿಂದ 84 ವರ್ಷದವರು. ಅದುವರೆಗೆ ಹೃದಯಾಘಾತಕ್ಕೆ ಒಳಗಾಗದವರು. ಅರ್ಧದಷ್ಟು ಮಂದಿ ದಿನ ಬಿಟ್ಟು ದಿನ 325 ಮಿಲಿಗ್ರಾಂ ಆಸ್ಪಿರಿನ್ ಸೇವಿಸಿದರು. ಉಳಿದವರು ಔಷಧವಿಲ್ಲದ ಹುಸಿಗುಳಿಗೆಯನ್ನು ಸೇವಿಸಿದರು. ಸುಮಾರು ಐದು ವರ್ಷಗಳಲ್ಲಿ ಮೊದಲ ಗುಂಪಿನ 139 ಮಂದಿಗೂ ಎರಡನೆಯ ಗುಂಪಿನ 239 ಮಂದಿಗೂ ಹೃದಯಾಘಾತವಾಯಿತು.

ಅವಸರದ ಲೇಖಕನು ಇದರಿಂದ ತೆಗೆಯುವ ಮುಖ್ಯಾಂಶ ಹೀಗಿರುತ್ತದೆ: ‘ಆಸ್ಪಿರಿನ್ ಹೃದಯಾಘಾತವನ್ನು ಶೇಕಡಾ 44ರಷ್ಟು ತಗ್ಗಿಸುತ್ತದೆ.’ ಅಂಕಿ ವರದಿಯದೇ. ಆದರೂ ವಾಕ್ಯ ದಾರಿತಪ್ಪಿಸುತ್ತದೆ. ‘ತಗ್ಗಿಸುತ್ತದೆ’ ಎಂದಾಗ ಸ್ತ್ರೀಯರೂ, ಯುವಕರೂ, ಎಲ್ಲ ರೋಗಿಗಳೂ ಆ ಮಾತಿನೊಳಗೆ ಬಂದುಬಿಡುತ್ತಾರೆ. ಕಂಡದ್ದನ್ನು ಭೂತಕಾಲದಲ್ಲಿ, ಕಂಡವರ ವಿವರದೊಡನೆ ಹೇಳುವುದು ನ್ಯಾಯ. ಇನ್ನು 44 ಎಂಬುದು ಒಂದು ಗುಂಪನ್ನು ಇನ್ನೊಂದಕ್ಕೆ ಹೋಲಿಸಿ ಬಂದ ಪ್ರಮಾಣ. ಸಾವಿರ ಜನರ ಲೆಕ್ಕದಲ್ಲಿ ನೋಡಿದರೆ ಐದು ವರ್ಷಕ್ಕೆ 22 ಇದ್ದ ಹೃದಯಾಘಾತಗಳು 13ಕ್ಕೆ ಇಳಿದವು. ಅಂದರೆ ಲಾಭ ಪಡೆದವರು ಸಾವಿರಕ್ಕೆ 9 ಮಂದಿ. ಎರಡು ಲೆಕ್ಕವೂ ಸರಿ. ಆದರೆ ಮೊದಲನೆಯದನ್ನು ಮಾತ್ರ ಓದಿದವನಿಗೆ ತನ್ನ ಪಾಲಿನ ಲಾಭ ಎಷ್ಟೆಂಬುದು ತಿಳಿಯುವುದಿಲ್ಲ.

ಅದೇ ಪ್ರಬಂಧಕ್ಕೆ ನಿಷ್ಠವಾದ ಮುಖ್ಯಾಂಶಗಳನ್ನು ಹೀಗೆ ಬರೆಯಬಹುದು:

• 22,071 ಪುರುಷ ವೈದ್ಯರು. ದಿನ ಬಿಟ್ಟು ದಿನ 325 ಮಿ.ಗ್ರಾಂ. ಆಸ್ಪಿರಿನ್, ಸುಮಾರು 5 ವರ್ಷ
• ಹೃದಯಾಘಾತ ಸಾವಿರಕ್ಕೆ ಆಸ್ಪಿರಿನ್ ಗುಂಪಿನಲ್ಲಿ 13, ಹುಸಿಗುಳಿಗೆ ಗುಂಪಿನಲ್ಲಿ 22
• ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಸಾವಿನಲ್ಲಿ ಇಳಿಕೆ ಕಾಣಲಿಲ್ಲ
• ಮಿದುಳಿನ ರಕ್ತಸ್ರಾವ: ಆಸ್ಪಿರಿನ್‌ನಲ್ಲಿ 23, ಹುಸಿಗುಳಿಗೆಯಲ್ಲಿ 12, ಅಂತರ ಖಚಿತವಲ್ಲ

ಐದನೆಯದಕ್ಕೆ ಇನ್ನೂ ಅವಕಾಶವಿದೆ. ಹೃದಯಾಘಾತದ ಇಳಿಕೆ ಕಂಡದ್ದು 50 ವರ್ಷ ತುಂಬಿದವರಲ್ಲಿ ಮಾತ್ರ ಎಂಬ ಮಾತು ಅಲ್ಲಿಗೆ ಸಲ್ಲುತ್ತದೆ. ಕೊನೆಯ ಸಾಲಿನ ‘ಖಚಿತವಲ್ಲ’ ಎಂಬ ಒಂದು ಪದವನ್ನು ಅಳಿಸಿದರೆ ಭಯ ಹುಟ್ಟುತ್ತದೆ. ಇಡೀ ಸಾಲನ್ನೇ ಅಳಿಸಿದರೆ ಹುಸಿ ಧೈರ್ಯ ಹುಟ್ಟುತ್ತದೆ. ಆದುದರಿಂದ ಜಾಗ ಸಾಲದಾದಾಗ ಕತ್ತರಿಸಬೇಕಾದುದು ‘ಮಹತ್ವದ’, ‘ಮೊಟ್ಟಮೊದಲ’ ಎಂಬಂತಹ ವಿಶೇಷಣಗಳನ್ನು. ಮಿತಿಯನ್ನು ಸೂಚಿಸುವ ಪದಗಳನ್ನಲ್ಲ.

ಸಾರಚಿತ್ರದಲ್ಲಿ ಅಪಾಯ ಇನ್ನೂ ಹೆಚ್ಚು; ಚಿತ್ರವು ವಾದ ಮಾಡದೆಯೇ ಒಪ್ಪಿಸುತ್ತದೆ. ಸುಮಾರು 5 ಸೆಂಟಿಮೀಟರ್ ಎತ್ತರ, 13 ಸೆಂಟಿಮೀಟರ್ ಅಗಲದಲ್ಲಿ ಅದು ಓದಲು ಬರುವಂತಿರಬೇಕು. ಅಲ್ಲಿ ಒಂದು ಗುಳಿಗೆ, ಒಂದು ಬಾಣ, ಒಂದು ನಗುವ ಹೃದಯ, ಪಕ್ಕದಲ್ಲಿ ದಪ್ಪಕ್ಷರದ ‘44’ ಬರೆದರೆ ಮುಗಿಯಿತು. ಸಾವುಗಳು ಇಳಿಯಲಿಲ್ಲವೆಂಬ ಸಂಗತಿ ಯಾರ ಕಣ್ಣಿಗೂ ಬೀಳದು. ಬದಲಾಗಿ ಶೂನ್ಯದಿಂದಲೇ ಆರಂಭವಾಗುವ ಎರಡು ಕಂಬಗಳನ್ನು ನಿಲ್ಲಿಸಿ, ‘ಸಾವಿರಕ್ಕೆ 13’, ‘ಸಾವಿರಕ್ಕೆ 22’ ಎಂದು ಬರೆದು, ಕೆಳಗೆ ‘ಪುರುಷ ವೈದ್ಯರು, 5 ವರ್ಷ, ಸಾವಿನಲ್ಲಿ ಇಳಿಕೆ ಇಲ್ಲ’ ಎಂದು ಸೇರಿಸಿದರೆ ಸಾಕು. ಕಂಬಗಳನ್ನು 10ರಿಂದ ಆರಂಭಿಸಿದರೆ ಅವುಗಳ ಎತ್ತರ 3 ಮತ್ತು 12 ಆಗಿ, ಒಂದು ಇನ್ನೊಂದರ ನಾಲ್ಕರಷ್ಟಿರುವಂತೆ ತೋರುತ್ತದೆ.

ಸಾರವನ್ನು ಪ್ರಬಂಧದ ಪೀಠಿಕೆಯಿಂದಲ್ಲ, ಫಲಿತಾಂಶದ ಕೋಷ್ಟಕಗಳಿಂದ, ಎಲ್ಲವೂ ಮುಗಿದ ಮೇಲೆ ಬರೆಯಬೇಕು. ಬರೆದ ಬಳಿಕ ಪ್ರತಿಯೊಂದು ಅಂಕಿಯನ್ನೂ ಕೋಷ್ಟಕದಲ್ಲಿ ಬೆರಳಿಟ್ಟು ತೋರಿಸಲು ಆಗಬೇಕು. ಪ್ರಬಂಧವನ್ನೇ ಕಾಣದ ಒಬ್ಬರಿಗೆ ಸಾರವನ್ನಷ್ಟೇ ಓದಿಸಿ, ‘ಯಾರಿಗೆ, ಎಷ್ಟು, ಎಷ್ಟು ಕಾಲ?’ ಎಂದು ಕೇಳಬೇಕು. ಅವರ ಉತ್ತರ ಪ್ರಬಂಧವನ್ನು ಮೀರಿ ಹೋದರೆ ದೋಷ ಓದಿದವರದಲ್ಲ, ಬರೆದವನದು.

ಈ ಎಚ್ಚರ ಏಕೆಂಬುದಕ್ಕೆ ಅದೇ ಗುಳಿಗೆಯ ಮುಂದಿನ ಕಥೆ ಸಾಕ್ಷಿ. ಅಮೆರಿಕದ ರೋಗ ತಡೆ ತಜ್ಞರ ಸಮಿತಿಯು, ಹೃದಯಾಘಾತವಾಗದ 60 ವರ್ಷ ಮತ್ತು ಮೇಲ್ಪಟ್ಟವರು ಅದನ್ನು ತಡೆಯಲೆಂದು ಹೊಸದಾಗಿ ಆಸ್ಪಿರಿನ್ ಆರಂಭಿಸಬಾರದೆಂದು 2022ರಲ್ಲಿ ಸಲಹೆ ನೀಡಿತು; ರಕ್ತಸ್ರಾವದ ಅಪಾಯವೇ ಅದಕ್ಕೆ ಮುಖ್ಯ ಕಾರಣ. ಈಗಾಗಲೇ ಹೃದಯಾಘಾತವಾಗಿ ವೈದ್ಯರ ಸೂಚನೆಯಂತೆ ಅದನ್ನು ಸೇವಿಸುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ‘ಯಾರಿಗೆ’ ಎಂಬ ಪದ ಸಾರದಲ್ಲಿ ಉಳಿದಿದ್ದರೆ ಮಾತ್ರ ಓದುಗನಿಗೆ ಈ ಭೇದ ತಿಳಿಯುತ್ತದೆ.