ಒಂದು ಸೈಜು ಮುಂದ

ಮೇ ಕೊನೆಯ ವಾರ ಸಿಂದಗಿಯ ನಮ್ಮ ಕಾಕಾನ ಅಂಗಡಿಯಲ್ಲಿ ಕೂಡಲು ಜಾಗವಿರುವುದಿಲ್ಲ. ಗಾದಿಯ ಮೇಲೆ ಅಂಗಿ, ಅಟ್ಟದ ಮೆಟ್ಟಿಲ ಮೇಲೆ ಪುಸ್ತಕ. ಸೊಲ್ಲಾಪುರದಿಂದ ಬಂದ ಗಂಟು ಬಿಚ್ಚಿ ಮೊದಲು ಶಾಲೆಯ ಪ್ರಕಾರ, ಆಮೇಲೆ ಸೈಜಿನ ಪ್ರಕಾರ ಜೋಡಿಸುವ ಕೆಲಸ ರಜೆಗೆ ಬಂದ ನಮ್ಮ ಪಾಲಿನದು. ಅಂಗಿಗೆ ಎದೆಯ ಅಳತೆ. 22ರಿಂದ ಎರಡೆರಡು ಇಂಚು ಏರುತ್ತದೆ. ಚಡ್ಡಿಗೆ ಉದ್ದದ ಅಳತೆ.

ಐದನೇ ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆ ಅನ್ನಿ. ಮೈಗೆ ಸರಿಯಾಗಿ ಕೂಡುವುದು ಬಹಳ ಮಂದಿಗೆ 28. ಆದರೆ ಕಾಕಾ ತರಿಸುವುದು 28ರವು ಆರು, 30ರವು ಹದಿನಾರು, 32ರವು ಹದಿಮೂರು, 34ರವು ಐದು. ಯಾಕೆಂದರೆ ಅಂಗಡಿಗೆ ಬರುವ ತಾಯಿ ಮಗನ ಮೈ ನೋಡುವುದಿಲ್ಲ, ಮುಂದಿನ ಜೂನ್ ನೋಡುತ್ತಾಳೆ.

“ಎಷ್ಟನೇತ್ತ ಯವ್ವಾ?”

“ಐದನೇತ್ತರಿ. ಸ್ವಲ್ಪ ದೊಡ್ಡದ ಕೊಡ್ರಿ ಕಾಕಾ, ಬರೂ ವರ್ಷಕ್ಕೂ ಆಗಬೇಕು.”

ಮೊದಲ ವಾರದಲ್ಲೇ 30 ಖಾಲಿಯಾಗಿ 28 ಕೂತಿದ್ದರೆ, ಅಂಗಡಿಯವನು ತಾಯಂದಿರನ್ನು ಬಿಟ್ಟು ಮಕ್ಕಳನ್ನಷ್ಟೇ ಅಳೆದಿದ್ದಾನೆ ಎಂದರ್ಥ. ಉಳಿದ ಬಿಳಿ ಅಂಗಿಗೆ ಚಿಂತೆಯಿಲ್ಲ. ಇಂಡಿಗೋ ಮುದ್ದೇಬಿಹಾಳಕ್ಕೋ ಬಸವನ ಬಾಗೇವಾಡಿಗೋ ಕಳಿಸಿ ಬೇಕಾದ ಸೈಜು ತರಿಸಿಕೊಳ್ಳಬಹುದು. ಚೌಕಳಿಯದು ಹಾಗಲ್ಲ. ಶಾಲೆ ಬಣ್ಣ ಬದಲಿಸಿತೋ, ಆ ಕಪಾಟು ಅಲ್ಲೇ ಸತ್ತಿತು.

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಪುಸ್ತಕ, ಸಮವಸ್ತ್ರ ಪುಕ್ಕಟೆ. ಹಾಗಾಗಿ ನಮ್ಮ ಗಿರಾಕಿಗಳು ಹೆಚ್ಚಾಗಿ ಖಾಸಗಿ ಶಾಲೆಯವರು. ಅಜ್ಜನ ಕಾಲದಲ್ಲಿ ಹಾಗಿರಲಿಲ್ಲ. 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು ಮಾಸ್ತರನಾಗುತ್ತಿದ್ದ. ಅವನ ಪುಸ್ತಕ ತಮ್ಮನಿಗೆ, ತಮ್ಮನಿಂದ ಕಾಕಾನ ಮಗನಿಗೆ ಹೋಗುತ್ತಿತ್ತು.

ಆ ರೂಢಿ ಈಗ ಹಳೇ ಪುಸ್ತಕದ ಅಟ್ಟದಲ್ಲಿ ಉಳಿದಿದೆ. ಅರ್ಧ ಬೆಲೆಗೆ ಕೊಂಡು, ತರಗತಿ, ಮಾಧ್ಯಮ, ವಿಷಯ, ಭಾಗ 1, ಭಾಗ 2 ಎಂದು ಬೇರೆ ಮಾಡುತ್ತೇವೆ. ಭಾಗ 1 ಹರಿದೇ ಬರುತ್ತದೆ. ಭಾಗ 2 ಹೊಸದರಂತೆ ಇರುತ್ತದೆ. ಮಾರ್ಚಿಗೆ ಯಾರು ಓದುತ್ತಾರೋ ಏನೋ! ಆದರೆ ಹರಿದದ್ದಕ್ಕಿಂತ ಹೆಚ್ಚು ಕಾಡುವುದು ಬದಲಾದದ್ದು. 2022ರ ಪಠ್ಯ ಪರಿಷ್ಕರಣೆಯಲ್ಲಿ ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದ ಬಸವಣ್ಣನ ಪಾಠಕ್ಕೆ ಆಕ್ಷೇಪ ಎದ್ದಿತು. ಅವನ ಊರಾದ ಬಾಗೇವಾಡಿ ಇರುವ ನಮ್ಮ ಸೀಮೆಯಲ್ಲಿ ಅದು ಕಟ್ಟೆಗಳ ಮೇಲಿನ ಮಾತಾಯಿತು. 2023ರ ಜೂನ್‌ನಲ್ಲಿ ಸರ್ಕಾರ ಆರರಿಂದ ಹತ್ತನೇ ತರಗತಿಯ ಕನ್ನಡ ಮತ್ತು ಸಮಾಜ ವಿಜ್ಞಾನದ ಕೆಲವು ಪಾಠ ಬದಲಿಸಿದಾಗ, ಪುಸ್ತಕ ಆಗಲೇ ಅಚ್ಚಾಗಿದ್ದರಿಂದ ಪೂರಕ ಪುಸ್ತಿಕೆ ಬಂತು. ರಟ್ಟು ಅದೇ, ಓದುವ ಪಾಠ ಬೇರೆ.

ಗಣಿತದ ಹಳೇ ಪುಸ್ತಕ ಧೈರ್ಯವಾಗಿ ಒಯ್ಯಿರಿ. ಕನ್ನಡ, ಸಮಾಜ ವಿಜ್ಞಾನಕ್ಕೆ ಮಾತ್ರ ಒಳಪುಟದ ಮುದ್ರಣದ ವರ್ಷ ನೋಡಿ, ಆಮೇಲೆ ಕಾಕಾನ ಕೂಡ ಚೌಕಾಸಿ ಮಾಡಿರಿ.